ಮೆನುವಿನಲ್ಲಿ 1000, ಬಿಲ್ಲಿನಲ್ಲಿ 1311

ಹಳೇ ಮೊಬೈಲಿನಲ್ಲಿ 2016ರ ಜುಲೈನ ಒಂದು ಬಿಲ್ಲಿನ ಫೋಟೋ ಸಿಕ್ತು. ಆಗಿನ್ನೂ ಇಂಜಿನಿಯರಿಂಗ್ ಓದುತ್ತಿದ್ದೆ. ನಾಲ್ಕು ಜನ ತಲಾ 250 ರೂಪಾಯಿ ಹಿಡಿದು ಬೆಂಗಳೂರಿನ ಒಂದು ಎಸಿ ಹೋಟೆಲಿಗೆ ಹೋಗಿ, ಮೆನು ನೋಡಿಕೊಂಡು ಸರಿಯಾಗಿ 1000ಕ್ಕೆ ತಿಂದಿದ್ವಿ. ಬಿಲ್ಲು ಬಂದಿದ್ದು 1311! ಒಬ್ಬ ರೂಮಿಗೆ ಓಡಿ ದುಡ್ಡು ತಂದ.

ಈಗ ಓದಿದರೆ ಅರ್ಥವಾಗುತ್ತೆ. ಸರ್ವೀಸ್ ಚಾರ್ಜ್ ಶೇ. 10, ಅಂದರೆ 100. ಇದು ತೆರಿಗೆಯೇ ಅಲ್ಲ, ಹೋಟೆಲಿನವರಿಗೇ ಹೋಗುವ ದುಡ್ಡು. ಊಟದ ಮೇಲೆ ರಾಜ್ಯದ ವ್ಯಾಟ್ ಶೇ. 14.5, ಅಂದರೆ 145. ಕೇಂದ್ರದ ಸೇವಾ ತೆರಿಗೆ ಸೆಸ್ಸೂ ಸೇರಿ ಶೇ. 15, ಆದರೆ ಬಿಲ್ಲಿನ ಶೇ. 40 ಭಾಗಕ್ಕೆ ಮಾತ್ರ. ಸರ್ವೀಸ್ ಚಾರ್ಜ್ ಸೇರಿದ 1100ರಲ್ಲಿ ಆ ಭಾಗ 440, ತೆರಿಗೆ 66.

ಮಜಾ ಏನಪ್ಪಾ ಅಂದ್ರೆ, ಇಡೀ ತಟ್ಟೆ ರಾಜ್ಯಕ್ಕೆ ಸರಕು, ಅದೇ ತಟ್ಟೆಯ 40 ಭಾಗ ಕೇಂದ್ರಕ್ಕೆ ಸೇವೆ! ಹೋಟೆಲಿನಲ್ಲಿ ಬಡಿಸುವ ಊಟ ಮಾರಾಟವಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂವಿಧಾನದ 46ನೇ ತಿದ್ದುಪಡಿ 1982ರಲ್ಲಿ ಅದನ್ನು ಮಾರಾಟವೆಂದೇ ಮಾಡಿತು. 2011ರಲ್ಲಿ ಕೇಂದ್ರವೂ ಪಾಲಿಗೆ ಬಂತು.

2017ರಲ್ಲಿ ಜಿಎಸ್‌ಟಿ ಬಂದು ಈ ಜಗಳ ಮುಗಿಯಿತು. ಆ ವರ್ಷದ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳಲ್ಲಿ ಶೇ. 5 ಮಾತ್ರ. ಅದೇ ಊಟ ಈಗ ಸರ್ವೀಸ್ ಚಾರ್ಜ್ ಸೇರಿದರೆ 1155, ಇಲ್ಲದಿದ್ದರೆ 1050. ಅದನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ 2022ರ ಮಾರ್ಗಸೂಚಿ ಇದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ನಾನೀಗ ಬಿಲ್ಲಿನಲ್ಲಿ ಮೊದಲು ನೋಡೋದು ಆ ಸಾಲನ್ನೇ.