ಅರ್ಧ ಪಿಕ್ಸೆಲ್ ಸರಿದಾಗ

2015ರ ಫೆಬ್ರವರಿಯಲ್ಲಿ ಜಪಾನಿನ ಒಲಿಂಪಸ್ ಸಂಸ್ಥೆ ಇ-ಎಮ್5 ಮಾರ್ಕ್ 2 ಎಂಬ ಕನ್ನಡಿರಹಿತ ಕ್ಯಾಮರವನ್ನು ಪ್ರಕಟಿಸಿತು. ಅದರ ಸಂವೇದಕದಲ್ಲಿ ಇದ್ದುದು 1.6 ಕೋಟಿ ಪಿಕ್ಸೆಲ್‌ಗಳು. ಆದರೆ ಟ್ರೈಪಾಡ್ ಮೇಲೆ ಕೂರಿಸಿ ವಿಶೇಷ ವಿಧಾನವೊಂದನ್ನು ಆರಿಸಿಕೊಂಡರೆ ಅದು 4 ಕೋಟಿ ಪಿಕ್ಸೆಲ್‌ಗಳ ಚಿತ್ರ ಕೊಡುತ್ತಿತ್ತು. ಇಲ್ಲದ ಪಿಕ್ಸೆಲ್‌ಗಳು ಎಲ್ಲಿಂದ ಬಂದವು? ಇದು ನಿಜವಾದ ವಿವರವೋ, ಬರಿಯ ಅಂಕಿಯ ಹಿಗ್ಗಿಸುವಿಕೆಯೋ?

ಉತ್ತರಕ್ಕೆ 1976ಕ್ಕೆ ಹೋಗಬೇಕು. ಆ ವರ್ಷ ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ ಬಣ್ಣದ ಸಂವೇದಕದ ಪೇಟೆಂಟ್ ದೊರೆಯಿತು. ಅವರ ವಿನ್ಯಾಸದಲ್ಲಿ ಪ್ರತಿ ಪಿಕ್ಸೆಲ್ ಮೇಲೂ ಒಂದೇ ಬಣ್ಣದ ಶೋಧಕವಿರುತ್ತದೆ. ಅರ್ಧದಷ್ಟು ಹಸಿರು, ಉಳಿದವುಗಳಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಅಂದರೆ ಪ್ರತಿ ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣವನ್ನು. ಮಿಕ್ಕ ಎರಡನ್ನು ನೆರೆಯ ಪಿಕ್ಸೆಲ್‌ಗಳನ್ನು ನೋಡಿ ಅಂದಾಜು ಮಾಡಲಾಗುತ್ತದೆ. ಇಂದಿನ ಬಹುಪಾಲು ಡಿಜಿಟಲ್ ಚಿತ್ರಗಳಲ್ಲಿ ಮೂರನೆಯ ಎರಡು ಭಾಗ ಹೀಗೆ ಊಹೆಯೇ.

ಊಹಿಸುವ ಬದಲು ಸಂವೇದಕವನ್ನೇ ತುಸು ಸರಿಸಿ ಮತ್ತೆ ಅಳೆದರೆ? ಮ್ಯೂನಿಚ್‌ನ ರೈಮರ್ ಲೆನ್ಸ್ 1990ರಲ್ಲಿ ವಿವರಿಸಿದ ಪ್ರಾಗ್‌ರೆಸ್ ಕ್ಯಾಮರ ಮಾಡಿದ್ದು ಇದನ್ನೇ. ಅದರಲ್ಲಿ ಪೀಜೋ ವಿದ್ಯುತ್ ಸಾಧನವು ಚಿಕ್ಕದೊಂದು ಸಿಸಿಡಿಯನ್ನು ಪಿಕ್ಸೆಲ್‌ಗಿಂತ ಸಣ್ಣ ಹೆಜ್ಜೆಗಳಲ್ಲಿ ಸರಿಸಿ ಸುಮಾರು 3000×2300 ಬಿಂದುಗಳ ಚಿತ್ರ ಕಟ್ಟುತ್ತಿತ್ತು. 1995ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ಆಳ ಆಕಾಶದ ಪ್ರಸಿದ್ಧ ಚಿತ್ರ ತೆಗೆದಾಗ, ಖಗೋಳಜ್ಞರು ದೂರದರ್ಶಕವನ್ನೇ ಸ್ವಲ್ಪ ಸ್ವಲ್ಪ ಓರೆಯಾಗಿಸಿದರು. ಫ್ರೂಕ್ಟರ್ ಮತ್ತು ಹುಕ್ ರೂಪಿಸಿದ ‘ಡ್ರಿಜಲ್’ ವಿಧಾನ ಆ ಚಿತ್ರಗಳನ್ನು ಬೆಸೆಯಿತು. ಹಬಲ್‌ನ ದರ್ಪಣ ಬೇರ್ಪಡಿಸಬಲ್ಲ ವಿವರಕ್ಕೆ ಅದರ ಪಿಕ್ಸೆಲ್‌ಗಳು ತೀರ ದೊಡ್ಡವು; ಆದ್ದರಿಂದ ಈ ಲಾಭ ಸಾಧ್ಯವಾಯಿತು.

ಸಾಮಾನ್ಯ ಕ್ಯಾಮರಕ್ಕೆ ಈ ಉಪಾಯ ಬಂದುದು ಬೇರೆ ದಾರಿಯಿಂದ. 2003ರ ಮಿನೋಲ್ಟ ಡಿಮಾಜ್ ಎ1 ಕ್ಯಾಮರದಲ್ಲಿ ಕೈನಡುಕವನ್ನು ಸರಿದೂಗಿಸಲು ಸಂವೇದಕ ಚಲಿಸುತ್ತಿತ್ತು. ಒಲಿಂಪಸ್ 2012ರಲ್ಲಿ ಐದು ಬಗೆಯ ಚಲನೆಗಳನ್ನು ಸರಿಪಡಿಸುವ ವ್ಯವಸ್ಥೆಯನ್ನು ತಂದಿತು. ಚಲನೆಯನ್ನು ಅಳಿಸಲು ಕಟ್ಟಿದ ಯಂತ್ರಕ್ಕೆ ಅದು 2015ರಲ್ಲಿ ಚಲನೆ ಉಂಟುಮಾಡುವ ಕೆಲಸವನ್ನೂ ಒಪ್ಪಿಸಿತು.

ಲೆಕ್ಕ ನೋಡೋಣ. ಆ ಕ್ಯಾಮರದ ಸಂವೇದಕದ ಅಗಲ 17.3 ಮಿ.ಮೀ. ಅದರಲ್ಲಿ 4608 ಪಿಕ್ಸೆಲ್. ಆದ್ದರಿಂದ ಪಿಕ್ಸೆಲ್‌ನ ಅಂತರ 3.75 ಮೈಕ್ರೊಮೀಟರ್. ಮೊದಲ ನಾಲ್ಕು ಚಿತ್ರಗಳ ನಡುವೆ ಸಂವೇದಕ ಒಂದೊಂದು ಪಿಕ್ಸೆಲ್ ಸರಿಯುತ್ತದೆ. ಹಾಗಾಗಿ ಪ್ರತಿ ಸ್ಥಾನವೂ ಕೆಂಪು, ನೀಲಿ ಮತ್ತು ಎರಡು ಬಾರಿ ಹಸಿರನ್ನು ಕಾಣುತ್ತದೆ. ಆಮೇಲೆ ಅದು ಅಡ್ಡಕ್ಕೂ ಉದ್ದಕ್ಕೂ ಅರ್ಧ ಪಿಕ್ಸೆಲ್ ಸರಿದು ಮತ್ತೆ ನಾಲ್ಕು ಚಿತ್ರ ತೆಗೆಯುತ್ತದೆ. ಎಂಟು ಚಿತ್ರಗಳಿಂದ ಒಟ್ಟು 12.8 ಕೋಟಿ ಅಳತೆಗಳು. ಸ್ಥಾನಕ್ಕೆ ನಾಲ್ಕರಂತೆ ಭಾಗಿಸಿದರೆ 3.2 ಕೋಟಿ ಪೂರ್ಣವರ್ಣದ ಬಿಂದುಗಳು. 4 ಕೋಟಿ ಎಂಬ ಅಂಕಿಯಲ್ಲಿ ಸ್ವಲ್ಪ ಉಬ್ಬರವಿದೆ ನಿಜ, ಆದರೆ ಬಹುಪಾಲು ಅಳೆದದ್ದೇ.

ಇನ್ನು ಮಸೂರದ ಮಿತಿ. ಮೊದಲಿನ ಸಂವೇದಕ ಒಂದು ಮಿ.ಮೀ.ನಲ್ಲಿ ಹೆಚ್ಚೆಂದರೆ 133 ಜೋಡಿ ಕಪ್ಪು-ಬಿಳುಪು ಗೆರೆಗಳನ್ನು ಹಿಡಿಯಬಲ್ಲದು. ಅರ್ಧ ಪಿಕ್ಸೆಲ್ ಸರಿತದಿಂದ, ಅಡ್ಡ ಮತ್ತು ಉದ್ದ ದಿಕ್ಕುಗಳಲ್ಲಿ, ಈ ಮಿತಿ 267ಕ್ಕೆ ಏರುತ್ತದೆ. ಆದರೆ ವಿವರ್ತನೆಯಿಂದಾಗಿ ಮಸೂರ ದಾಟಿಸುವ ಗೆರೆಗಳಿಗೂ ಗಡಿಯುಂಟು. ತರಂಗದೂರ ಮತ್ತು ಎಫ್ ಸಂಖ್ಯೆಗಳ ಗುಣಲಬ್ಧದಿಂದ ಒಂದನ್ನು ಭಾಗಿಸಿದರೆ ಅದು ಸಿಗುತ್ತದೆ. 0.55 ಮೈಕ್ರೊಮೀಟರ್‌ನ ಹಸಿರು ಬೆಳಕಿಗೆ ಎಫ್/4ರಲ್ಲಿ ಅದು 455, ಎಫ್/8ರಲ್ಲಿ 227. ಎಫ್/8ಕ್ಕಿಂತ ಕಿರಿದಾದ ರಂಧ್ರವನ್ನು ಈ ವಿಧಾನದಲ್ಲಿ ಕ್ಯಾಮರ ಒಪ್ಪುವುದೇ ಇಲ್ಲ. ಅಲ್ಲಿ ಹುಡುಕಲು ಹೆಚ್ಚು ವಿವರವೂ ಉಳಿದಿರುವುದಿಲ್ಲ. ಪಿಕ್ಸೆಲ್‌ಗೂ ತನ್ನದೇ ಅಗಲವಿರುವುದರಿಂದ ಅದು ಅತಿ ಸಣ್ಣ ಗೆರೆಗಳನ್ನು ಸರಾಸರಿ ಮಾಡಿ ಮಂಕಾಗಿಸುತ್ತದೆ. 267ರ ಹತ್ತಿರ ಬಂದಂತೆ ವ್ಯತ್ಯಾಸ ಸೊನ್ನೆಯಾಗುತ್ತದೆ. ಸರಿಸುವುದರಿಂದ ಪಿಕ್ಸೆಲ್ ಚಿಕ್ಕದಾಗದು.

ಟ್ರೈಪಾಡ್ ಏಕೆ? ಅರ್ಧ ಪಿಕ್ಸೆಲ್ ಎಂದರೆ 1.9 ಮೈಕ್ರೊಮೀಟರ್. 50 ಮಿ.ಮೀ. ಮಸೂರದಲ್ಲಿ ಬಿಂಬ ಅಷ್ಟು ಸರಿಯಲು ಕ್ಯಾಮರ 8 ಆರ್ಕ್ ಸೆಕೆಂಡ್ ಓರೆಯಾದರೆ ಸಾಕು. ಒಂದು ಕಿಲೋಮೀಟರ್ ದೂರದಲ್ಲಿ ಅದು ನಾಲ್ಕು ಸೆಂಟಿಮೀಟರ್‌ಗೂ ಕಡಿಮೆ. ಮರದ ನೆಲದ ಮೇಲೆ ಯಾರಾದರೂ ನಡೆದರೂ ಕೆಲಸ ಕೆಡುತ್ತದೆ. ಎಂಟು ಚಿತ್ರಗಳಿಗೆ ಸುಮಾರು ಒಂದು ಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಎಲೆ ಅಲುಗಿದರೂ ಅಷ್ಟೇ. ಕೆಟ್ಟದ್ದನ್ನು ಗುರುತಿಸುವುದು ಸುಲಭ: ಚಿತ್ರವನ್ನು ಹಿಗ್ಗಿಸಿ ನೋಡಿದಾಗ ನೇರ ಅಂಚುಗಳಲ್ಲಿ ಜಾಲರಿಯಂಥ ಮಾದರಿ ಕಂಡರೆ ಕ್ಯಾಮರ ಅಲುಗಿದೆ. ಎಲೆಗಳಲ್ಲಿ ಮಾತ್ರ ಕಂಡು ಗೋಡೆ ಶುದ್ಧವಾಗಿದ್ದರೆ ಗಾಳಿಯೇ ಕಾರಣ.

2017ರ ಸೋನಿ ಎ7ಆರ್ 3 ಬಿಂದುಗಳ ಸಂಖ್ಯೆ ಹೆಚ್ಚಿಸದೆ, ನಾಲ್ಕೇ ಚಿತ್ರಗಳಿಂದ ಬಣ್ಣದ ಊಹೆಯನ್ನು ಮಾತ್ರ ನಿವಾರಿಸಿತು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಪ್ರಾಮಾಣಿಕ ಬಳಕೆ. 2019ರಲ್ಲಿ ಒಲಿಂಪಸ್ ಇ-ಎಮ್1ಎಕ್ಸ್ ಟ್ರೈಪಾಡನ್ನೂ ಬಿಟ್ಟಿತು. ಅದು ಹದಿನಾರು ಚಿತ್ರಗಳನ್ನು ತೆಗೆದು, ಅವುಗಳ ನಡುವಿನ ಸಹಜ ಕೈನಡುಕವನ್ನೇ ಸರಿತವಾಗಿ ಬಳಸಿ 5 ಕೋಟಿ ಪಿಕ್ಸೆಲ್‌ಗಳ ಚಿತ್ರ ಕಟ್ಟಿತು.