ಗ್ಲೌಸ್, ಕಾಟನ್, ‘ಸರ್ಜಿಕಲ್ ಕಿಟ್’: ವಿಮಾ ಕಂಪನಿ ಕಡಿತ ಮಾಡಿದ ಹಣವನ್ನು ಇಮೇಲ್‌ನಲ್ಲಿ ಕೇಳುವುದು ಹೇಗೆ?

ಆರೋಗ್ಯ ವಿಮೆ ಇದೆ, ಕ್ಯಾಶ್‌ಲೆಸ್ ಮಂಜೂರಾಗಿದೆ. ಆದರೂ ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರ್‌ನಲ್ಲಿ ಹದಿನೈದು–ಮೂವತ್ತು ಸಾವಿರ ರೂಪಾಯಿ ಕೈಯಿಂದ ಕಟ್ಟಬೇಕಾಗುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: “ಕನ್ಸ್ಯೂಮಬಲ್ಸ್ ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲ.” ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುವ ಅವಸರದಲ್ಲಿ ಹೆಚ್ಚಿನವರು ಹಣ ಕಟ್ಟಿ ಸುಮ್ಮನಾಗುತ್ತಾರೆ. ಆದರೆ ಕಡಿತವಾದ ಹಣ ಪೂರ್ತಿ ನಿಯಮದಂತೆಯೇ ಕಡಿತವಾಗಿದೆ ಎಂದು ಹೇಳಲಾಗದು. ಅದರಲ್ಲಿ ಒಂದಂಶ ಸರಿ ಇರುತ್ತದೆ, ಒಂದಂಶವನ್ನು ಕೇಳಿ ಪಡೆಯಬಹುದು. ಯಾವುದು ಯಾವುದೆಂದು ಬೇರ್ಪಡಿಸಿ ಬರೆದ ಇಮೇಲ್‌ಗೆ ಮಾತ್ರ ಕಂಪನಿ ಸರಿಯಾದ ಉತ್ತರ ಕೊಡಬೇಕಾಗುತ್ತದೆ.

ಮೊದಲು ನಾಲ್ಕು ಪಟ್ಟಿ

ಹೆಚ್ಚಿನ ಆರೋಗ್ಯ ಪಾಲಿಸಿಗಳ ಕೊನೆಯಲ್ಲಿ ಒಂದು ಅನುಬಂಧ ಇರುತ್ತದೆ. ಅದರಲ್ಲಿ ನಾಲ್ಕು ಪಟ್ಟಿಗಳಿವೆ. ಇವು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ರೂಪಿಸಿದ ಪಟ್ಟಿಗಳಾದ್ದರಿಂದ ಕಂಪನಿ ಬೇರೆಯಾದರೂ ಪಟ್ಟಿ ಹೆಚ್ಚು ಕಮ್ಮಿ ಒಂದೇ.

ಒಂದನೇ ಪಟ್ಟಿಯಲ್ಲಿ 68 ವಸ್ತುಗಳಿವೆ. ಗ್ಲೌಸ್, ಮಾಸ್ಕ್, ಡೈಪರ್, ಇಸಿಜಿ ಎಲೆಕ್ಟ್ರೋಡ್, ಕ್ರೇಪ್ ಬ್ಯಾಂಡೇಜ್, ನೆಬ್ಯುಲೈಸರ್ ಕಿಟ್, ಥರ್ಮಾಮೀಟರ್ ಇತ್ಯಾದಿ. ಇವಕ್ಕೆ ಪಾಲಿಸಿಯಲ್ಲಿ ಹಣ ಇಲ್ಲ. ಪ್ರತ್ಯೇಕ ಪ್ರೀಮಿಯಂ ಕಟ್ಟಿ ಕನ್ಸ್ಯೂಮಬಲ್ಸ್ ಕವರ್ ತೆಗೆದುಕೊಂಡಿದ್ದರೆ ಮಾತ್ರ ಸಿಗುತ್ತದೆ. ಕಂಪನಿಗಳ ಗ್ರೂಪ್ ಪಾಲಿಸಿಗಳಲ್ಲಿ ಕೆಲವೊಮ್ಮೆ ಈ ಕವರ್ ಮೊದಲೇ ಸೇರಿರುತ್ತದೆ, ನೌಕರನಿಗೇ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದುದು ಇದನ್ನೇ.

ಉಳಿದ ಮೂರು ಪಟ್ಟಿಗಳ ಕತೆ ಬೇರೆ. ಎರಡನೆಯದು ರೂಮ್ ಬಾಡಿಗೆಯಲ್ಲಿ ಸೇರಬೇಕಾದ 37 ವಸ್ತುಗಳು: ಅಡ್ಮಿಷನ್ ಕಿಟ್, ಡಾಕ್ಯುಮೆಂಟೇಶನ್ ಚಾರ್ಜ್, ಪಲ್ಸ್ ಆಕ್ಸಿಮೀಟರ್ ಚಾರ್ಜ್, ವಿವರಣೆ ಇಲ್ಲದ ‘ಇತರೆ’ ಚಾರ್ಜ್. ಮೂರನೆಯದು ಶಸ್ತ್ರಕ್ರಿಯೆಯ ಶುಲ್ಕದಲ್ಲಿ ಸೇರಬೇಕಾದ 23: ಕಾಟನ್, ಗಾಜ್, ಸರ್ಜಿಕಲ್ ಬ್ಲೇಡ್, ಸರ್ಜಿಕಲ್ ಟೇಪ್. ನಾಲ್ಕನೆಯದು ಚಿಕಿತ್ಸಾ ವೆಚ್ಚದಲ್ಲಿ ಸೇರಬೇಕಾದ 18: ನೋಂದಣಿ ಶುಲ್ಕ, ಯೂರಿನ್ ಬ್ಯಾಗ್, ಇನ್‌ಫ್ಯೂಷನ್ ಪಂಪ್, ಗ್ಲೂಕೋಮೀಟರ್ ಸ್ಟ್ರಿಪ್.

ಇಲ್ಲಿ ‘ಸೇರಬೇಕು’ ಎನ್ನುವ ಪದ ಮುಖ್ಯ. ‘ಕೊಡಲಾಗದು’ ಎಂದಲ್ಲ, ‘ಇನ್ನೊಂದು ಖರ್ಚಿನೊಳಗೆ ಲೆಕ್ಕ ಹಾಕಬೇಕು’ ಎಂದರ್ಥ. ಆದರೆ ಹಲವು ಸೆಟಲ್‌ಮೆಂಟ್ ಲೆಟರ್‌ಗಳಲ್ಲಿ ನಾಲ್ಕೂ ಪಟ್ಟಿಯ ವಸ್ತುಗಳನ್ನು ಒಟ್ಟು ಮಾಡಿ ‘ನಾನ್ ಪೇಯಬಲ್’ ಎಂಬ ಒಂದೇ ಸಾಲು ಬರೆದಿರುತ್ತಾರೆ. ಪ್ರಶ್ನೆ ಹುಟ್ಟುವುದು ಅಲ್ಲಿ.

ಸಿರಿಂಜ್, ಐವಿ ಸೆಟ್, ಹೊಲಿಗೆ ದಾರ, ಹರ್ನಿಯಾಕ್ಕೆ ಹಾಕುವ ಮೆಶ್ ಈ ಯಾವ ಪಟ್ಟಿಯಲ್ಲೂ ಇಲ್ಲ. ‘ಕನ್ಸ್ಯೂಮಬಲ್’ ಎಂಬ ಒಂದೇ ಕಾರಣಕ್ಕೆ ಇವುಗಳನ್ನು ಕಡಿತ ಮಾಡಿದ್ದರೆ ಆ ಕಾರಣ ಸಾಲದು.

ಒಂದು ಲೆಕ್ಕ

ಉದಾಹರಣೆಗೆ, ಉಪ್ಪಳದ ಒಬ್ಬರು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ಮೂರು ದಿನ ದಾಖಲಾಗಿದ್ದರು ಎಂದಿಟ್ಟುಕೊಳ್ಳೋಣ. ಪಾಲಿಸಿ ಮೊತ್ತ 4 ಲಕ್ಷ ರೂ. ರೂಮ್ ಬಾಡಿಗೆಯ ಮಿತಿ ದಿನಕ್ಕೆ ಅದರ 1 ಶೇಕಡಾ, ಅಂದರೆ 4,000 ರೂ. ಅವರು ಪಡೆದ ರೂಮಿಗೆ ದಿನಕ್ಕೆ 5,000 ರೂ. ಒಟ್ಟು ಬಿಲ್ 1,07,000 ರೂ. ಕಂಪನಿ ಕೊಟ್ಟದ್ದು 76,000 ರೂ. ಉಳಿದ 31,000 ರೂ. ಮನೆಯವರು ಕಟ್ಟಿದರು. ಕಡಿತ ಹೀಗಿತ್ತು:

– ರೂಮ್ ಬಾಡಿಗೆಯ ವ್ಯತ್ಯಾಸ: 3,000
– ಸರ್ಜನ್, ಅನಸ್ತೇಶಿಯಾ, ಆಪರೇಶನ್ ಥಿಯೇಟರ್ ಶುಲ್ಕ 50,000ದ ಮೇಲೆ 20 ಶೇಕಡಾ: 10,000
– ಔಷಧಿ, ಮೆಶ್, ಪರೀಕ್ಷೆಗಳ 30,000ದ ಮೇಲೆ 20 ಶೇಕಡಾ: 6,000
– ಗ್ಲೌಸ್, ಮಾಸ್ಕ್, ಇಸಿಜಿ ಎಲೆಕ್ಟ್ರೋಡ್: 1,850
– ‘ಸರ್ಜಿಕಲ್ ಕಿಟ್’: 6,500
– ಕಾಟನ್, ಗಾಜ್, ಬ್ಲೇಡ್: 1,650
– ಅಡ್ಮಿಷನ್ ಕಿಟ್, ಡಾಕ್ಯುಮೆಂಟೇಶನ್, ಪಲ್ಸ್ ಆಕ್ಸಿಮೀಟರ್: 2,000

ಒಂದೊಂದಾಗಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮಿತಿಗಿಂತ ದುಬಾರಿ ರೂಮ್ ಪಡೆದುದರಿಂದ 3,000 ಹೋಗುವುದು ಸರಿ. ರೂಮಿನ ದರ್ಜೆಗೆ ತಕ್ಕಂತೆ ಡಾಕ್ಟರ್ ಫೀ, ಥಿಯೇಟರ್ ಫೀ ಏರುವ ಆಸ್ಪತ್ರೆಯಾದರೆ ಅದೇ ಅನುಪಾತದಲ್ಲಿ 10,000 ಕಡಿತ ಮಾಡಲು ಪಾಲಿಸಿಯಲ್ಲಿ ಅವಕಾಶ ಇರುತ್ತದೆ. ಎಲ್ಲ ರೂಮಿಗೂ ಒಂದೇ ಫೀ ಇರುವ ಆಸ್ಪತ್ರೆಯಾದರೆ ಈ ಕಡಿತವೂ ನಿಲ್ಲುವುದಿಲ್ಲ. ಅದನ್ನು ಆಸ್ಪತ್ರೆಯಿಂದ ಬರೆಸಿಕೊಳ್ಳಬೇಕು. ಈ ಉದಾಹರಣೆಯ ಆಸ್ಪತ್ರೆಯಲ್ಲಿ ಫೀ ರೂಮಿಗೆ ತಕ್ಕಂತೆ ಇದೆ.

ಆದರೆ 6,000ದ ಕಡಿತ ತಪ್ಪು. ಪ್ಯಾರಾಸಿಟಮಾಲ್ ಬೆಲೆ ಜನರಲ್ ವಾರ್ಡಿನಲ್ಲೂ ಡೀಲಕ್ಸ್ ರೂಮಿನಲ್ಲೂ ಒಂದೇ. ಹಾಗಾಗಿ ಐಆರ್‌ಡಿಎಐ 2020ರಲ್ಲಿ ಕೊಟ್ಟ ಸೂಚನೆಯಂತೆ ಔಷಧಿ ಮತ್ತು ಕನ್ಸ್ಯೂಮಬಲ್ಸ್, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚ ಈ ಅನುಪಾತದ ಕಡಿತಕ್ಕೆ ಸೇರುವುದಿಲ್ಲ. ಐಸಿಯು ಶುಲ್ಕಕ್ಕೂ ಇದು ಅನ್ವಯಿಸದು. ಪಾಲಿಸಿ ಪುಸ್ತಕದಲ್ಲಿ ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’ ಎಂಬ ವ್ಯಾಖ್ಯಾನ ಹುಡುಕಿದರೆ ಇದು ಸಿಗುತ್ತದೆ.

ಗ್ಲೌಸ್, ಮಾಸ್ಕ್‌ನ 1,850 ಒಂದನೇ ಪಟ್ಟಿಯದು. ಕವರ್ ಇಲ್ಲದಿದ್ದರೆ ಬಿಟ್ಟುಬಿಡುವುದೇ ಸರಿ. ‘ಸರ್ಜಿಕಲ್ ಕಿಟ್’ ಕಡಿತವಾದದ್ದು ಬಿಲ್ಲಿನ ಬರವಣಿಗೆಯಿಂದ. ಒಳಗೆ ಏನಿದೆ ಎಂದು ಹೇಳದ ಯಾವುದೇ ಕಿಟ್ ಒಂದನೇ ಪಟ್ಟಿಯಲ್ಲಿದೆ. ಆಸ್ಪತ್ರೆಯಿಂದ ವಿಂಗಡಿಸಿದ ಬಿಲ್ ತಂದಾಗ ಅದರಲ್ಲಿ ಹೊಲಿಗೆ ದಾರ, ಸಿರಿಂಜ್, ಐವಿ ಸೆಟ್ ಸೇರಿ 4,900, ಗ್ಲೌಸ್ ಮತ್ತು ಮಾಸ್ಕ್ 1,600 ಎಂದು ಗೊತ್ತಾಯಿತು. ಕೇಳಬೇಕಾದುದು 4,900 ಮಾತ್ರ.

ಕಾಟನ್, ಗಾಜ್‌ನ 1,650 ಮೂರನೇ ಪಟ್ಟಿಯದು. ಶಸ್ತ್ರಕ್ರಿಯೆಯ ಶುಲ್ಕಕ್ಕೆ ಸೇರಿಸಿದರೆ ಆ ಶುಲ್ಕದ ಮೇಲಿನ 20 ಶೇಕಡಾ ಕಡಿತ ಇದಕ್ಕೂ ಬರಬಹುದು. ಆದರೂ 1,320 ಸಿಗಬೇಕು. ಅಡ್ಮಿಷನ್ ಕಿಟ್ ಮೊದಲಾದ 2,000 ರೂಮ್ ಬಾಡಿಗೆಗೆ ಸೇರುತ್ತದೆ. ಬಾಡಿಗೆ ಈಗಾಗಲೇ ಮಿತಿ ದಾಟಿದೆ, ಹಾಗಾಗಿ ಇಲ್ಲಿ ಕೇಳಿ ಪ್ರಯೋಜನ ಇಲ್ಲ. ರೂಮ್ ಮಿತಿಯೊಳಗೇ ಇದ್ದಿದ್ದರೆ ಇದನ್ನೂ ಕೇಳಬಹುದಿತ್ತು.

ಒಟ್ಟಿನಲ್ಲಿ 31,000ದಲ್ಲಿ ನ್ಯಾಯವಾಗಿ ಕೇಳಬಹುದಾದದ್ದು 6,000 + 4,900 + 1,320 = 12,220 ರೂ. ಪೂರ್ತಿ 31,000 ಕೇಳಿದರೆ ಕಂಪನಿ ಗ್ಲೌಸ್‌ನ ಸಾಲು ತೋರಿಸಿ ಎಲ್ಲಕ್ಕೂ ಒಟ್ಟಿಗೆ ‘ಇಲ್ಲ’ ಎನ್ನುವುದು ಸುಲಭ.

ಇಮೇಲ್ ಹೀಗಿರಲಿ

ಪಾಲಿಸಿಯಲ್ಲಿ ನೋಂದಾಯಿಸಿದ ಇಮೇಲ್ ಐಡಿಯಿಂದಲೇ, ಪಾಲಿಸಿದಾರರ ಹೆಸರಿನಲ್ಲೇ ಬರೆಯಬೇಕು. ಬಾಪನ ಪಾಲಿಸಿಗೆ ಮಗ ತನ್ನ ಐಡಿಯಿಂದ ಬರೆದರೆ ಗುರುತಿನ ದಾಖಲೆ ಕೇಳಿ ದಿನ ಹೋಗುತ್ತದೆ. ಕಳಿಸಬೇಕಾದುದು ವಿಮಾ ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ. ಐಡಿ ಪಾಲಿಸಿ ಪುಸ್ತಕದಲ್ಲೇ ಇರುತ್ತದೆ. ಟಿಪಿಎಗೆ ಪ್ರತಿ ಸಾಕು, ಯಾಕೆಂದರೆ ಕ್ಲೇಮಿಗೆ ಹೊಣೆ ವಿಮಾ ಕಂಪನಿಯದೇ. ಇಂಗ್ಲಿಷ್‌ನಲ್ಲಿ ಬರೆಯುವವರೂ ಇದೇ ಕ್ರಮ ಇಟ್ಟುಕೊಳ್ಳಬಹುದು.

ವಿಷಯ: ಕ್ಲೇಮ್ ಸಂಖ್ಯೆ (ಇಲ್ಲಿ ಸಂಖ್ಯೆ) – 12,220 ರೂ. ಕಡಿತದ ಮರುಪರಿಶೀಲನೆ ಕೋರಿ

ಮಾನ್ಯರೇ,

ನನ್ನ ಪಾಲಿಸಿ ಸಂಖ್ಯೆ (…), ಕ್ಲೇಮ್ ಸಂಖ್ಯೆ (…). ದಿನಾಂಕ (…)ರಿಂದ (…)ರವರೆಗೆ ಹರ್ನಿಯಾ ಶಸ್ತ್ರಕ್ರಿಯೆಗೆ ದಾಖಲಾಗಿದ್ದೆ. ಬಿಲ್ 1,07,000 ರೂ., ಮಂಜೂರಾದದ್ದು 76,000 ರೂ. ಕಡಿತವಾದ 31,000 ರೂ.ಗಳಲ್ಲಿ ಈ ಕೆಳಗಿನ ಮೂರನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ.

1. ಔಷಧಿ, ಮೆಶ್, ಪರೀಕ್ಷೆಗಳ ಮೇಲಿನ 6,000 ರೂ. ಅನುಪಾತದ ಕಡಿತ. ಪಾಲಿಸಿಯ ವ್ಯಾಖ್ಯಾನ (ಪುಟ …) ಪ್ರಕಾರ ಇವು ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’ ಅಲ್ಲ.
2. ಸರ್ಜಿಕಲ್ ಕಿಟ್. ಆಸ್ಪತ್ರೆ ಕೊಟ್ಟ ವಿವರ ಲಗತ್ತಿಸಿದೆ. ಇದರಲ್ಲಿ 4,900 ರೂ.ಗಳ ವಸ್ತುಗಳು ಒಂದನೇ ಪಟ್ಟಿಯಲ್ಲಿಲ್ಲ.
3. ಕಾಟನ್, ಗಾಜ್, ಬ್ಲೇಡ್. ಇವು ಮೂರನೇ ಪಟ್ಟಿಯಂತೆ ಶಸ್ತ್ರಕ್ರಿಯೆಯ ಶುಲ್ಕದಲ್ಲಿ ಸೇರಬೇಕು. ಹಾಗೆ ಸೇರಿಸಿ 1,320 ರೂ. ಮಂಜೂರು ಮಾಡಬೇಕು.

ಯಾವುದನ್ನಾದರೂ ಒಪ್ಪದಿದ್ದರೆ ಪ್ರತಿ ಸಾಲಿಗೂ ಪ್ರತ್ಯೇಕ ಕಾರಣ ಮತ್ತು ಅದಕ್ಕೆ ಆಧಾರವಾದ ಪಾಲಿಸಿ ಷರತ್ತಿನ ಸಂಖ್ಯೆ ತಿಳಿಸಬೇಕು. ದೂರಿನ ನೋಂದಣಿ ಸಂಖ್ಯೆಯನ್ನೂ ಕಳುಹಿಸಬೇಕಾಗಿ ವಿನಂತಿ.

ಲಗತ್ತು: ಅಂತಿಮ ಬಿಲ್, ವಿಂಗಡಿಸಿದ ಬಿಲ್, ಡಿಸ್ಚಾರ್ಜ್ ಸಮ್ಮರಿ, ಸೆಟಲ್‌ಮೆಂಟ್ ಲೆಟರ್, ಹಣ ಕಟ್ಟಿದ ರಶೀದಿ.

ಕೊನೆಯ ಪ್ಯಾರಾ ಬಿಡಬಾರದು. ಕ್ಲೇಮಿನ ಒಂದಂಶವನ್ನು ತಿರಸ್ಕರಿಸಿದರೂ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ತಿಳಿಸಬೇಕೆಂದು ಐಆರ್‌ಡಿಎಐಯ 2024ರ ಮೇ 29ರ ಮಾಸ್ಟರ್ ಸರ್ಕ್ಯುಲರ್ ಹೇಳುತ್ತದೆ. “ಕಂಪನಿಯ ನಿಯಮದಂತೆ ಕಡಿತ” ಎಂಬ ಉತ್ತರ ಇದಕ್ಕೆ ಸಾಲದು.

ಉತ್ತರ ಬಾರದಿದ್ದರೆ

ದೂರನ್ನು ಕಂಪನಿ 14 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಮಾಡದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ bimabharosa.irdai.gov.in ನಲ್ಲಿ ದೂರು ದಾಖಲಿಸಬಹುದು. 155255 ಸಂಖ್ಯೆಗೆ ಕರೆ ಮಾಡಿಯೂ ಹೇಳಬಹುದು. ಪೋರ್ಟಲ್ ತಾನಾಗಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರದ ಮೇಲೆ ಕಣ್ಣಿಡುತ್ತದೆ.

ತೀರ್ಪು ಬೇಕಾದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಕಂಪನಿ ದೂರನ್ನು ತಳ್ಳಿಹಾಕಿದ್ದರೆ, ಅಥವಾ ದೂರು ತಲುಪಿ ಒಂದು ತಿಂಗಳಾದರೂ ಉತ್ತರಿಸದಿದ್ದರೆ ಇಲ್ಲಿಗೆ ಬರಬಹುದು. ತಳ್ಳಿಹಾಕಿದ ಒಂದು ವರ್ಷದೊಳಗೆ ಬರಬೇಕು. ಶುಲ್ಕ ಇಲ್ಲ, ವಕೀಲರು ಬೇಡ. ವಿವರ cioins.co.in ನಲ್ಲಿದೆ.

ಗಡಿನಾಡಿನವರಿಗೆ ಇಲ್ಲಿ ಒಂದು ಗೊಂದಲ ಬರುತ್ತದೆ. ಚಿಕಿತ್ಸೆ ಮಂಗಳೂರಿನಲ್ಲಿ, ಮನೆ ಮಂಜೇಶ್ವರದಲ್ಲೋ ಕಾಸರಗೋಡಿನಲ್ಲೋ. ಒಂಬುಡ್ಸ್‌ಮನ್ ಕಚೇರಿ ನಿರ್ಧಾರವಾಗುವುದು ಆಸ್ಪತ್ರೆ ಇರುವ ಊರಿನಿಂದಲ್ಲ. ದೂರುದಾರರ ವಾಸಸ್ಥಳ ಅಥವಾ ವಿಮಾ ಕಂಪನಿಯ ಶಾಖೆ ಎಲ್ಲಿದೆ ಎಂಬುದರಿಂದ. ಕಾಸರಗೋಡು ಜಿಲ್ಲೆಯ ನಿವಾಸಿಗಳಿಗೆ ಕೊಚ್ಚಿಯ ಕಚೇರಿ. ಪಾಲಿಸಿ ಮಂಗಳೂರಿನ ಶಾಖೆಯಿಂದ ಪಡೆದಿದ್ದರೆ ಬೆಂಗಳೂರಿನ ಕಚೇರಿಗೂ ಹೋಗಬಹುದು. ಎರಡರಲ್ಲೂ ಒಟ್ಟಿಗೆ ದೂರು ಕೊಡುವುದು ಬೇಡ.

ವಿಂಗಡಿಸಿದ ಬಿಲ್ಲನ್ನು ಡಿಸ್ಚಾರ್ಜ್ ದಿನವೇ ಕೇಳಿ ಪಡೆಯುವುದು ಒಳ್ಳೆಯದು. ತಿಂಗಳು ಕಳೆದು ಹೋದರೆ ಆಸ್ಪತ್ರೆಯಲ್ಲಿ ಅದನ್ನು ಹುಡುಕಿ ತೆಗೆಸುವುದೇ ದೊಡ್ಡ ಕೆಲಸವಾಗುತ್ತದೆ.