ಹೆಸರಿನ ಮೊದಲಕ್ಷರ, ವಿಳಾಸದ ಬಿಂದು: ಕನ್ನಡದ ಸಂಕ್ಷಿಪ್ತ ಬರವಣಿಗೆ

ಕನ್ನಡದಲ್ಲಿ ಹೆಸರನ್ನು ಮೊಟಕುಗೊಳಿಸುವ ಎರಡು ಪದ್ಧತಿಗಳು ಇಪ್ಪತ್ತನೆಯ ಶತಮಾನದ ಮುದ್ರಣದಲ್ಲಿ ಜೊತೆಜೊತೆಯಾಗಿ ಬೆಳೆದವು. ಒಂದು, ಇಂಗ್ಲಿಷ್ ಅಕ್ಷರದ ಹೆಸರನ್ನೇ ಕನ್ನಡದಲ್ಲಿ ಬರೆಯುವುದು: ಜಿ.ಪಿ. ರಾಜರತ್ನಂ, ಡಿ.ವಿ.ಜಿ. ಇನ್ನೊಂದು, ಹೆಸರಿನ ಮೊದಲ ಕನ್ನಡ ಅಕ್ಷರವನ್ನು ಸ್ವರ, ಒತ್ತು ಸಹಿತ ಇಡಿಯಾಗಿ ಉಳಿಸುವುದು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅವರು ಅ.ನ.ಕೃ. ಆದದ್ದು ಹೀಗೆ. ‘ಕೃ’ ಎಂಬಲ್ಲಿ ವ್ಯಂಜನದ ಜೊತೆ ಸ್ವರವೂ ಉಳಿದಿದೆ. ಅದನ್ನು ‘ಕ’ ಎಂದು ಬರೆದರೆ ತಪ್ಪು. ಬಿ.ಎಂ.ಶ್ರೀ. ಎಂಬುದರಲ್ಲಿ ಎರಡು ಪದ್ಧತಿಗಳೂ ಬೆರೆತಿವೆ.

ಕೇರಳದ ಹೆಸರುಗಳು ಕನ್ನಡಕ್ಕೆ ಬರುವಾಗ ಈ ಭೇದ ತೊಡಕಾಗುತ್ತದೆ. ಇ.ಎಂ.ಎಸ್. ನಂಬೂದಿರಿಪಾಡ್ ಅವರ ಮನೆಹೆಸರು ಏಲಂಕುಳಂ. ಅದರ ಮೊದಲ ಅಕ್ಷರ ‘ಏ’. ‘ಇ’ ಎಂಬುದು ಇಂಗ್ಲಿಷ್ ಅಕ್ಷರದ ಹೆಸರು ಮಾತ್ರ. ಹೀಗಾಗಿ ಮೊದಲಕ್ಷರಗಳಿಂದ ಪೂರ್ಣ ಹೆಸರನ್ನು ಊಹಿಸಿ ಬರೆಯುವುದು ಅಪಾಯ. ರೂಢಿಯಲ್ಲಿರುವುದನ್ನು ಹಾಗೆಯೇ ಇಡುವುದು ಸರಿ. ಮಂಜೇಶ್ವರದ ಗೋವಿಂದ ಪೈಗಳು ‘ಎಂ.’ ಎಂದೇ ಪ್ರಸಿದ್ಧರು, ಅದನ್ನು ‘ಮಂ.’ ಎಂದು ತಿದ್ದಲು ಕಾರಣವಿಲ್ಲ.

ಚುಕ್ಕಿ ಮತ್ತು ತೆರವಿನ ನಿಯಮ ಸರಳ. ಚುಕ್ಕಿ ಅಕ್ಷರಕ್ಕೆ ಅಂಟಿಕೊಂಡಿರಬೇಕು. ಕೊನೆಯ ಚುಕ್ಕಿಯ ನಂತರ ಒಂದು ತೆರವು ಸಾಕು. ‘ಜಿ .ಪಿ .ರಾಜರತ್ನಂ’ ಎಂದು ಹೊಡೆದರೆ ಸಾಲು ಮುರಿದಾಗ ಚುಕ್ಕಿಯೇ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಹಳೆಯ ಮುದ್ರಣದ ‘ಡಾ॥’ ರೂಪಕ್ಕೆ ಬೇಕಾದ ಜೋಡಿ ಗೆರೆ ಕೀಲಿಮಣೆಯಲ್ಲಿ ಸುಲಭವಾಗಿ ಸಿಗದೆ, ಬದಲಿಗೆ ಇಂಗ್ಲಿಷಿನ ದೊಡ್ಡಕ್ಷರ ‘ಐ’ಯನ್ನು ಎರಡು ಸಲ ಒತ್ತುವುದುಂಟು. ‘ಡಾ.’ ಎಂದು ಬರೆದರೆ ಈ ತೊಂದರೆಯೇ ಇಲ್ಲ.

ಕಣ್ಣಿಗೆ ಕಾಣದ ದೋಷ ಅನುಸ್ವಾರದ್ದು. ಕೊಚ್ಚಿಯ ಒಂದು ವಿಳಾಸವನ್ನು ಹೀಗೆ ಬರೆಯಬಹುದು: ‘ಮನೆ ನಂ. 12, ಪಾಲಾರಿವಟ್ಟಂ ಅಂಚೆ, ಕೊಚ್ಚಿ – 682 025’. ‘ನಂ.’ ಮತ್ತು ‘ವಟ್ಟಂ’ ಎರಡರಲ್ಲೂ ಬಿಂದುವಿದೆ. ಅದರ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು (೦) ಹೊಡೆದರೆ ಕಾಗದದ ಮೇಲೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಯೂನಿಕೋಡ್‌ನಲ್ಲಿ ಬಿಂದುವಿನ ಸಂಕೇತ U+0C82, ಸೊನ್ನೆಯದು U+0CE6. ಊರಿನ ಹೆಸರನ್ನು ಹುಡುಕಿದಾಗ ಸೊನ್ನೆ ಬೆರೆತ ವಿಳಾಸ ಸಿಗುವುದಿಲ್ಲ, ಅಕಾರಾದಿಯಲ್ಲೂ ತಪ್ಪು ಜಾಗಕ್ಕೆ ಹೋಗುತ್ತದೆ. ಪರೀಕ್ಷೆಗೆ ದಾರಿಯೊಂದಿದೆ: ಕಡತದಲ್ಲಿ ೦ ಅನ್ನು ಮಾತ್ರ ಹುಡುಕಿದರೆ, ಅಂಕಿಯ ಜೊತೆ ಇಲ್ಲದೆ ಅಕ್ಷರದ ಪಕ್ಕದಲ್ಲಿ ಕಂಡದ್ದೆಲ್ಲ ತಪ್ಪು.

ವಿಭಕ್ತಿ ಹತ್ತುವಾಗ ಇದೇ ಬಿಂದು ಇನ್ನೊಂದು ತಪ್ಪಿಗೆ ಎಡೆಮಾಡುತ್ತದೆ. ‘ಪಾಲಾರಿವಟ್ಟಂ ನಲ್ಲಿ’ ಎಂದು ಪ್ರತ್ಯಯವನ್ನು ಬಿಡಿಸಿ ಬರೆಯುವುದು ಸಲ್ಲದು. ತಿರುವನಂತಪುರಂ ‘ತಿರುವನಂತಪುರದಲ್ಲಿ’ ಆಗುವಂತೆ ಇದೂ ‘ಪಾಲಾರಿವಟ್ಟದಲ್ಲಿ’ ಎಂದಾಗುವುದು ಕನ್ನಡಕ್ಕೆ ಸಹಜ. ಮೂಲ ರೂಪ ಉಳಿಯಲೇಬೇಕಾದಲ್ಲಿ ‘ಪಾಲಾರಿವಟ್ಟಂನಲ್ಲಿ’ ಎಂದು ಕೂಡಿಸಿ ಬರೆಯಬೇಕು.